ಹತ್ತು ಗೆದ್ದ ತಂಡ ಮತ್ತು ಏಳೂವರೆಯ ಲೆಕ್ಕ

ಪ್ರಶ್ನೆ: "ನಾನು ದಾವಣಗೆರೆಯ ಒಂದು ಕಬಡ್ಡಿ ಕ್ಲಬ್ಬಿನ ಕಾರ್ಯದರ್ಶಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಎಂಟು ತಂಡಗಳ ಲೀಗ್‌ನಲ್ಲಿ ಪ್ರತಿ ತಂಡದ ಜೊತೆ ಎರಡೆರಡು ಸಲ ಆಡಿ, 14 ಪಂದ್ಯಗಳಲ್ಲಿ 10 ಗೆದ್ದು ಎರಡನೇ ಸ್ಥಾನಕ್ಕೆ ಬಂದೆವು. ಗಳಿಸಿದ ಪಾಯಿಂಟ್ 462, ಬಿಟ್ಟುಕೊಟ್ಟದ್ದು 448. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ರೈಡರ್ ಒಬ್ಬ ಪೈಥಾಗೊರಸ್ ಸೂತ್ರ ಅಂತ ಏನೋ ಹಾಕಿ, ‘ನಮ್ಮದು ಏಳು ಗೆಲುವಿನ ತಂಡ, ಮಿಕ್ಕಿದ್ದೆಲ್ಲ ಅದೃಷ್ಟ’ ಅಂತಾನೆ. ಚಳ್ಳಕೆರೆ ತಂಡ 490 ಗಳಿಸಿ 430 ಮಾತ್ರ ಬಿಟ್ಟುಕೊಟ್ಟರೂ ಏಳೇ ಗೆದ್ದು, ಕೋಚನ್ನು ಕಳಿಸಿಬಿಟ್ಟಿದೆ. ಅವರು ನಮ್ಮಲ್ಲಿಗೆ ಬರಲು ತಯಾರಿದ್ದಾರೆ. ಕಮಿಟಿಯವರು ‘ಹತ್ತು ಗೆದ್ದ ತಂಡ ಮುಟ್ಟಬೇಡಿ, ಏಳು ಗೆದ್ದ ಕೋಚ್ ನಮಗ್ಯಾಕೆ’ ಅಂತಾರೆ. ಯಾರ ಮಾತು ನಂಬೋಣ? ಎಲ್ಲಾ ಪಂದ್ಯಗಳ ಸ್ಕೋರ್‌ಶೀಟ್ ಕಳಿಸಿದ್ದೇನೆ."

ಉತ್ತರ: ನಿಮ್ಮ ರೈಡರ್ ಹಿಡಿದಿರುವ ದಾರಿ ಸರಿಯಾಗಿದೆ. ಆದರೆ ಆತ ಹಾಕಿರುವುದು ಬೇಸ್‌ಬಾಲ್‌ಗಾಗಿ ಹುಟ್ಟಿದ ಸೂತ್ರ, ಮತ್ತು "ಮಿಕ್ಕಿದ್ದೆಲ್ಲ ಅದೃಷ್ಟ" ಎಂಬ ತೀರ್ಮಾನವು ಆ ಸೂತ್ರ ಹೇಳಬಲ್ಲದ್ದಕ್ಕಿಂತ ಹೆಚ್ಚನ್ನು ಹೇಳುತ್ತದೆ. ಕಮಿಟಿಯವರ ಮಾತಿನ ಮೊದಲ ಅರ್ಧದಲ್ಲಿ ಸ್ವಲ್ಪ ಸತ್ಯವಿದೆ, ಎರಡನೆಯ ಅರ್ಧ ತಪ್ಪು. ನೀವು ಕಳಿಸಿದ 56 ಪಂದ್ಯಗಳ ಹಾಳೆಗಳನ್ನೂ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಬೇಸ್‌ಬಾಲ್ ವಿಶ್ಲೇಷಕ ಬಿಲ್ ಜೇಮ್ಸ್ ಗಮನಿಸಿದ್ದು ಇಷ್ಟು: ಒಂದು ತಂಡ ಋತುವಿನಲ್ಲಿ ಗಳಿಸಿದ ಓಟಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ಓಟಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ ತಂಡ ಗೆದ್ದ ಪಂದ್ಯಗಳ ಪಾಲಿಗೆ ಬಹಳ ಹತ್ತಿರದ ಸಂಖ್ಯೆ ಸಿಗುತ್ತದೆ. ಲಂಬಕೋನ ತ್ರಿಭುಜದ ಪ್ರಮೇಯದಂತೆ ಕಾಣುವ ವರ್ಗಗಳಿಂದ ಹೆಸರು ಬಂದಿದೆಯೇ ಹೊರತು ಜ್ಯಾಮಿತಿಗೂ ಇದಕ್ಕೂ ಬೇರೆ ಸಂಬಂಧವಿಲ್ಲ. ಸಾಮಾನ್ಯ ರೂಪ ಹೀಗಿದೆ:

```
W% = PF^k / (PF^k + PA^k)
```

ಇಲ್ಲಿ W% ಗೆಲ್ಲುವ ಪಂದ್ಯಗಳ ಪಾಲು, PF ಗಳಿಸಿದ ಪಾಯಿಂಟ್, PA ಬಿಟ್ಟುಕೊಟ್ಟ ಪಾಯಿಂಟ್, k ಎಂಬುದು ಘಾತಾಂಕ. ಪಂದ್ಯಗಳ ಸಂಖ್ಯೆಯಿಂದ ಗುಣಿಸಿದರೆ ನಿರೀಕ್ಷಿತ ಗೆಲುವುಗಳು ಸಿಗುತ್ತವೆ. ಜೇಮ್ಸ್ ಬೇಸ್‌ಬಾಲ್‌ಗೆ 2 ಎಂಬ ಘಾತವನ್ನು ಇಟ್ಟರು. ನಂತರ ಅದನ್ನು 1.83ಕ್ಕೆ ತಿದ್ದಿದವರಿದ್ದಾರೆ. ಅಮೆರಿಕನ್ ಫುಟ್‌ಬಾಲ್‌ಗೆ 2.37 ಬಳಕೆಯಲ್ಲಿದೆ, ಬ್ಯಾಸ್ಕೆಟ್‌ಬಾಲ್‌ಗೆ ವಿಶ್ಲೇಷಕ ಡ್ಯಾರಿಲ್ ಮೋರಿ ಕಂಡುಕೊಂಡದ್ದು 13.91. ಈ ಸಂಖ್ಯೆಗಳು ಇಷ್ಟು ದೂರ ದೂರ ಇರುವುದೇಕೆ ಎಂಬುದು ತಿಳಿದರೆ ನಿಮ್ಮ ಕಬಡ್ಡಿಗೆ ಬೇಕಾದ ಘಾತವನ್ನು ನೀವೇ ಕಂಡುಕೊಳ್ಳಬಹುದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ನೂರಕ್ಕೂ ಹೆಚ್ಚು ಅಂಕ ಗಳಿಸುತ್ತದೆ, ಆದರೆ ಗೆಲುವಿನ ಅಂತರ ಆ ನೂರಕ್ಕೆ ಹೋಲಿಸಿದರೆ ಸಣ್ಣದು. ಅಲ್ಲಿ ಎದುರಾಳಿಗಿಂತ ನೂರಕ್ಕೆ ಐದರಷ್ಟು ಹೆಚ್ಚು ಗಳಿಸುವ ತಂಡ ಬಲು ಬಲಿಷ್ಠ ತಂಡ. ಬೇಸ್‌ಬಾಲ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ನಾಲ್ಕೈದು ಓಟ ಗಳಿಸುತ್ತದೆ, ಅಂತರವೂ ಹೆಚ್ಚು ಕಡಿಮೆ ಅಷ್ಟೇ ಅಗಲದಲ್ಲಿ ಏರಿಳಿಯುತ್ತದೆ. ಅಲ್ಲಿ ನೂರಕ್ಕೆ ಐದರ ಮೇಲುಗೈ ಒಂದೊಂದು ಪಂದ್ಯದ ಏರಿಳಿತದಲ್ಲಿ ಮುಳುಗಿಹೋಗುತ್ತದೆ. ಅಂದರೆ ಘಾತವನ್ನು ನಿರ್ಧರಿಸುವುದು, ಸರಾಸರಿ ಸ್ಕೋರು ಅಂತರದ ಏರಿಳಿತದ ಎಷ್ಟು ಪಟ್ಟು ಇದೆ ಎಂಬ ಅನುಪಾತ. ಅಂತರಗಳು ಸರಿಸುಮಾರು ಗಂಟೆಯಾಕಾರದ ವಕ್ರರೇಖೆಯಂತೆ ಹರಡಿವೆ ಎಂದಿಟ್ಟುಕೊಂಡರೆ, ಸಮಬಲದ ತಂಡಗಳ ಆಸುಪಾಸಿನಲ್ಲಿ ಈ ಲೆಕ್ಕ ಹೊಂದುತ್ತದೆ:

```
k ≈ 1.6 × (ಒಂದು ತಂಡದ ಸರಾಸರಿ ಸ್ಕೋರ್) / (ಅಂತರದ ಏರಿಳಿತ)
```

ಅಂತರದ ಏರಿಳಿತವೆಂದರೆ ಪ್ರತಿ ಪಂದ್ಯದ ಅಂತರದ ವರ್ಗಗಳ ಸರಾಸರಿಯ ವರ್ಗಮೂಲ. ನಿಮ್ಮ ಹಾಳೆಯಲ್ಲಿ ಅಂತರಗಳು D2ರಿಂದ D57ರವರೆಗಿದ್ದರೆ ಎಕ್ಸೆಲ್‌ನಲ್ಲಿ ಇಷ್ಟು ಸಾಕು:

```
=SQRT(SUMSQ(D2:D57)/56)
```

ನಿಮ್ಮ ಲೀಗ್‌ನಲ್ಲಿ ಒಂದು ತಂಡದ ಸರಾಸರಿ ಸ್ಕೋರ್ 32.5, ಅಂತರದ ಏರಿಳಿತ 10.5. ಹಾಗಾಗಿ ಘಾತ 5ರ ಹತ್ತಿರ ಬರುತ್ತದೆ. ಇದು ನಿಮ್ಮ ಲೀಗ್‌ನ ಸಂಖ್ಯೆ, ಎಲ್ಲ ಕಬಡ್ಡಿಯ ಸಂಖ್ಯೆಯಲ್ಲ. ಪಂದ್ಯದ ಅವಧಿಯೋ ನಿಯಮಗಳೋ ಬದಲಾದರೆ ಮತ್ತೆ ಲೆಕ್ಕ ಹಾಕಬೇಕು.

ಈಗ ಎರಡೂ ತಂಡಗಳನ್ನು ಇದರಲ್ಲಿ ಇಟ್ಟು ನೋಡೋಣ. ನಿಮ್ಮದು 462 ಮತ್ತು 448. ಘಾತ 2 ಇಟ್ಟರೆ 7.2 ಗೆಲುವು ಬರುತ್ತದೆ, ಘಾತ 5 ಇಟ್ಟರೆ 7.5. ಎರಡು ಮೊತ್ತಗಳು ಇಷ್ಟು ಹತ್ತಿರವಿರುವಾಗ ಘಾತ ಬದಲಿಸಿದರೂ ಉತ್ತರ ಹೆಚ್ಚು ಕದಲುವುದಿಲ್ಲ, ಆದ್ದರಿಂದ ನಿಮ್ಮ ರೈಡರ್‌ಗೆ ತನ್ನ ತಪ್ಪು ಕಾಣಿಸಿರಲಾರದು. ಅದು ಕಾಣಿಸುವುದು ಚಳ್ಳಕೆರೆಯ ಲೆಕ್ಕದಲ್ಲಿ. 490 ಮತ್ತು 430ಕ್ಕೆ ಘಾತ 2 ಇಟ್ಟರೆ 7.9 ಗೆಲುವು, ಘಾತ 5 ಇಟ್ಟರೆ 9.2 ಗೆಲುವು. ಮೊದಲನೆಯ ಪ್ರಕಾರ ಅವರು ತಮಗೆ ದಕ್ಕಬೇಕಾದುದಕ್ಕಿಂತ ಒಂದೇ ಗೆಲುವು ಕಡಿಮೆ ಪಡೆದ ತಂಡ. ಎರಡನೆಯ ಪ್ರಕಾರ ಎರಡಕ್ಕೂ ಹೆಚ್ಚು ಕಳೆದುಕೊಂಡ ತಂಡ.

ಹಾಗಾದರೆ ನಿಮ್ಮ 10 ಮತ್ತು ಸೂತ್ರದ 7.5ರ ನಡುವಿನ ಎರಡೂವರೆ ಗೆಲುವುಗಳು ಎಲ್ಲಿಂದ ಬಂದವು ಎಂಬುದನ್ನು ನಿಮ್ಮ ಪಂದ್ಯಗಳ ಪಟ್ಟಿಯೇ ತೋರಿಸುತ್ತದೆ. ನೀವು ಗೆದ್ದ ಹತ್ತರಲ್ಲಿ ಆರು ಪಂದ್ಯಗಳ ಅಂತರ ಐದು ಅಥವಾ ಅದಕ್ಕಿಂತ ಕಡಿಮೆ: 1, 2, 2, 3, 4, 5. ಉಳಿದ ನಾಲ್ಕು ಗೆಲುವುಗಳ ಅಂತರ 7, 9, 12, 16. ನಾಲ್ಕು ಸೋಲುಗಳ ಅಂತರ 6, 9, 13, 19. ಅಂದರೆ ಬಿಗಿಯಾದ ಆರು ಪಂದ್ಯಗಳನ್ನೂ ನೀವೇ ಗೆದ್ದಿರಿ, ಬಿಗಿಯಲ್ಲದ ಎಂಟರಲ್ಲಿ ನಾಲ್ಕು ಗೆದ್ದು ನಾಲ್ಕು ಸೋತಿರಿ. ಬಿಗಿಯಾದ ಆರರಲ್ಲಿ ಮೂರು ಆಚೆಗೆ ಹೋಗಿದ್ದರೆ ನೀವು 7-7 ತಂಡ. ಸೂತ್ರ ನೋಡುತ್ತಿರುವುದು ಇದನ್ನೇ.

ಬಿಗಿ ಪಂದ್ಯಗಳನ್ನು ಗೆಲ್ಲುವುದು ಗಟ್ಟಿ ಗುಂಡಿಗೆಯ ಲಕ್ಷಣ, ಅದು ತಂಡದೊಳಗೇ ಇರುವ ಗುಣ ಎಂಬ ನಂಬಿಕೆ ಎಲ್ಲ ಆಟಗಳಲ್ಲೂ ಇದೆ. ಇದನ್ನು ಅತಿ ಹೆಚ್ಚು ಪರೀಕ್ಷಿಸಿರುವುದು ಬೇಸ್‌ಬಾಲ್‌ನಲ್ಲಿ, ಏಕೆಂದರೆ ಅಲ್ಲಿ ಒಂದು ತಂಡ ಒಂದೇ ಋತುವಿನಲ್ಲಿ 162 ಪಂದ್ಯ ಆಡುತ್ತದೆ. 2016ರಲ್ಲಿ ಟೆಕ್ಸಸ್ ರೇಂಜರ್ಸ್ 95 ಪಂದ್ಯ ಗೆದ್ದಿತು. ಗಳಿಸಿದ ಓಟ 765, ಕೊಟ್ಟದ್ದು 757. ಸೂತ್ರದ ಪ್ರಕಾರ ಬರಬೇಕಾದದ್ದು 82 ಗೆಲುವು. ಒಂದೇ ಓಟದ ಅಂತರದ ಪಂದ್ಯಗಳಲ್ಲಿ ಅವರು 36 ಗೆದ್ದು 11 ಮಾತ್ರ ಸೋತಿದ್ದರು. ಮರುವರ್ಷ ಅದೇ ತಂಡ 78ಕ್ಕೆ ನಿಂತಿತು. ಆದರೆ ಇದರ ಪಕ್ಕದಲ್ಲೇ ಸಿಯಾಟಲ್ ಮರೀನರ್ಸ್ ಅನ್ನೂ ಇಡಬೇಕು. 2021ರಲ್ಲಿ ಅವರು 697 ಓಟ ಗಳಿಸಿ 748 ಕೊಟ್ಟು, ಸೂತ್ರದ ಪ್ರಕಾರ 75ರ ಆಸುಪಾಸಿನಲ್ಲಿ ಇರಬೇಕಾದವರು 90 ಗೆದ್ದರು. 2022ರಲ್ಲಿ ಮತ್ತೆ ಸರಿಯಾಗಿ 90 ಗೆದ್ದರು. ಆದರೆ ಆ ವರ್ಷ ಅವರು ಕೊಟ್ಟದ್ದಕ್ಕಿಂತ ಹೆಚ್ಚು ಓಟ ಗಳಿಸಿದ್ದರು. ಹಿಂದಿನ ವರ್ಷದ ಅದೃಷ್ಟ ಮುಂದುವರಿದಿದ್ದರಿಂದ ಅಲ್ಲ, ತಂಡವೇ ಸುಧಾರಿಸಿದ್ದರಿಂದ ಅದೇ ಸಂಖ್ಯೆ ಬಂತು. ನಿಮ್ಮ ಕಮಿಟಿಯ ಮುಂದೆ ಇಡಬೇಕಾದ ಉದಾಹರಣೆ ಇದು ಎಂದು ನನಗೆ ಅನ್ನಿಸುತ್ತದೆ.

ಕಬಡ್ಡಿಗೆ ಬೇಸ್‌ಬಾಲ್‌ನಲ್ಲಿ ಇಲ್ಲದ ಒಂದು ತೊಡಕಿದೆ. ಬೇಸ್‌ಬಾಲ್‌ನಲ್ಲಿ ಪಂದ್ಯ ಮುಗಿಸುವ ಗಡಿಯಾರವಿಲ್ಲ. ಇಲ್ಲಿ ಕೊನೆಯ ನಾಲ್ಕೈದು ನಿಮಿಷಗಳಲ್ಲಿ ಮುಂದಿರುವ ತಂಡ ಮೂವತ್ತು ಸೆಕೆಂಡನ್ನೂ ಪೂರ್ತಿ ಬಳಸಿ ಖಾಲಿ ರೈಡ್ ಮಾಡುತ್ತದೆ, ಡಿಫೆಂಡರ್‌ಗಳು ಟ್ಯಾಕಲ್‌ಗೆ ಕೈ ಹಾಕದೆ ಬೋನಸ್ ಬಿಟ್ಟುಕೊಡುತ್ತಾರೆ, ಎಂಟು ಪಾಯಿಂಟಿನ ಮುನ್ನಡೆ ಮೂರಕ್ಕೆ ಇಳಿದು ಪಂದ್ಯ ಮುಗಿಯುತ್ತದೆ. ಸ್ಕೋರ್‌ಶೀಟ್‌ನಲ್ಲಿ ಅದು ಬಿಗಿ ಪಂದ್ಯ, ಅಂಗಣದಲ್ಲಿದ್ದವರಿಗೆ ಅಲ್ಲ. ಇದನ್ನು ಎಲ್ಲ ತಂಡಗಳೂ ಮಾಡುವುದರಿಂದ ಬಹುಪಾಲು ಪರಿಣಾಮ ಘಾತದೊಳಗೇ ಸೇರಿಹೋಗಿರುತ್ತದೆ. ಆದರೂ ಒಂದು ತಂಡ ಉಳಿದವರಿಗಿಂತ ಹೆಚ್ಚಾಗಿ ಹೀಗೆ ಆಡಿದ್ದರೆ ಸೂತ್ರ ಅದಕ್ಕೆ ಅನ್ಯಾಯ ಮಾಡುತ್ತದೆ. ಕಂಡುಹಿಡಿಯುವುದು ಸುಲಭ. ನಿಮ್ಮ ಹಾಳೆಗಳಲ್ಲಿ ಪಂದ್ಯ ಸಾಗಿದಂತೆ ಬರೆದ ಸ್ಕೋರ್ ಇರುವುದರಿಂದ 35ನೇ ನಿಮಿಷದಲ್ಲಿ ಸ್ಕೋರ್ ಎಷ್ಟಿತ್ತು ಎಂದು ನೋಡಿದೆ. ಆ ಆರು ಪಂದ್ಯಗಳಲ್ಲಿ 3, 4 ಮತ್ತು 5 ಅಂತರದ ಮೂರರಲ್ಲಿ ಐದು ನಿಮಿಷ ಉಳಿದಿರುವಾಗಲೇ ನೀವು ಏಳು ಅಥವಾ ಹೆಚ್ಚು ಪಾಯಿಂಟ್ ಮುಂದಿದ್ದಿರಿ. ಉಳಿದ ಮೂರು, ಅಂದರೆ 1, 2, 2 ಅಂತರದವು, ಕೊನೆಯ ಎರಡು ಮೂರು ರೈಡ್‌ಗಳಲ್ಲಿ ಯಾರ ಕಡೆಗಾದರೂ ಹೋಗಬಹುದಾಗಿದ್ದವು. ಅವುಗಳಲ್ಲಿ ಒಂದನ್ನು ತಿರುಗಿಸಿದ್ದು ಕೊನೆಯ ನಿಮಿಷದ ಸೂಪರ್ ಟ್ಯಾಕಲ್. ಮೊದಲ ಮೂರು ಪಂದ್ಯಗಳಲ್ಲಿ ಅಂತರ ಏಳರಲ್ಲೇ ನಿಂತಿತ್ತು ಎಂದು ಉದಾರವಾಗಿ ಲೆಕ್ಕ ಹಾಕಿದರೂ ನಿಮ್ಮ ಖಾತೆಗೆ ಒಂಬತ್ತು ಪಾಯಿಂಟ್ ಸೇರುತ್ತದೆ, ನಿರೀಕ್ಷಿತ ಗೆಲುವು 7.5ರಿಂದ 7.9ಕ್ಕೆ ಏರುತ್ತದೆ. ಕಮಿಟಿಯವರ ಮಾತಿನಲ್ಲಿರುವ ಸತ್ಯ ಇಷ್ಟು. ಅದು ಎರಡೂವರೆ ಗೆಲುವನ್ನು ಎರಡಕ್ಕೆ ಇಳಿಸುತ್ತದೆ, ಅಳಿಸುವುದಿಲ್ಲ.

ಎರಡು ಗೆಲುವಿನ ವ್ಯತ್ಯಾಸ ದೊಡ್ಡದೋ ಸಣ್ಣದೋ ಎಂದು ಕೇಳದೆ ಅದಕ್ಕೆ ಅದೃಷ್ಟ ಎಂದು ಹೆಸರಿಡುವಂತಿಲ್ಲ. ಸೂತ್ರ ಸಂಪೂರ್ಣ ಸರಿಯಿದ್ದಾಗಲೂ ಗೆಲುವುಗಳು ಅದರಿಂದ ಆಚೀಚೆ ಸರಿಯುತ್ತವೆ. ಸಾಮಾನ್ಯವಾಗಿ ಸರಿಯುವ ದೂರ, ಪಂದ್ಯಗಳ ಸಂಖ್ಯೆಯ ವರ್ಗಮೂಲದ 0.3 ಪಟ್ಟು. ಬೇಸ್‌ಬಾಲ್‌ನ 162 ಪಂದ್ಯಗಳಿಗೆ ಇದು ಸುಮಾರು 4 ಗೆಲುವು, ಅಲ್ಲಿ ಕಂಡುಬರುವುದೂ ಅಷ್ಟೇ. ನಿಮ್ಮ 14 ಪಂದ್ಯಗಳಿಗೆ 1.1 ಗೆಲುವು. ಹಾಗಾಗಿ 8.5 ಗೆದ್ದಂತಾಗಿದ್ದರೆ ಅದರ ಬಗ್ಗೆ ಮಾತನಾಡುವುದೇ ಬೇಡವಿತ್ತು. ಎರಡೂವರೆ ಎಂಬುದು ಸಾಮಾನ್ಯವಾಗಿ ಸರಿಯುವ ದೂರದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅಷ್ಟಾದರೂ ಎಂಟು ತಂಡಗಳಿರುವಾಗ, ಯಾವ ತಂಡಕ್ಕೂ ಯಾವ ವಿಶೇಷ ಗುಣವೂ ಇಲ್ಲದಿದ್ದಾಗಲೂ, ಇಂಥ ಐದು ಲೀಗ್‌ಗಳಲ್ಲಿ ಒಂದರಲ್ಲಿ ಯಾವುದಾದರೂ ಒಂದು ತಂಡ ಇಷ್ಟು ದೂರ ಸರಿದಿರುತ್ತದೆ. ಎಂಟರಲ್ಲಿ ಅತಿ ಹೆಚ್ಚು ಸರಿದ ತಂಡವನ್ನೇ ಆರಿಸಿ ನೋಡುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಇದಕ್ಕಿಂತ ಮುಖ್ಯವಾದ ಮಿತಿ ಇನ್ನೊಂದಿದೆ, ಮತ್ತು ಸೂತ್ರ ಬಳಸುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಗೆಲುವಿನಲ್ಲಿ ಅದೃಷ್ಟ ಇರುವಂತೆ ಪಾಯಿಂಟ್‌ಗಳಲ್ಲೂ ಇರುತ್ತದೆ. ನಿಮ್ಮ ತಂಡ ಪಂದ್ಯಕ್ಕೆ ಸರಾಸರಿ ಒಂದು ಪಾಯಿಂಟ್ ಮುಂದಿತ್ತು. 10.5ರಷ್ಟು ಏರಿಳಿಯುವ ಅಂತರಗಳ 14 ಪಂದ್ಯಗಳ ಸರಾಸರಿಯಲ್ಲಿ ತಾನಾಗಿಯೇ ಆಚೀಚೆ 2.8 ಪಾಯಿಂಟ್ ವ್ಯತ್ಯಾಸ ಇರುತ್ತದೆ. ಆದ್ದರಿಂದ ನಿಮ್ಮದು ಲೀಗ್‌ನ ಸರಾಸರಿಗಿಂತ ಮೇಲಿನ ತಂಡ ಎಂದಾಗಲಿ ಕೆಳಗಿನದು ಎಂದಾಗಲಿ ಈ ಋತುವಿನ ಪಾಯಿಂಟ್‌ಗಳಿಂದ ಹೇಳಲು ಬರುವುದಿಲ್ಲ. "ಏಳು ಗೆಲುವಿನ ತಂಡ" ಎಂದು ನಿಮ್ಮ ರೈಡರ್ ಖಚಿತವಾಗಿ ಹೇಳುವುದು ಈ ಕಾರಣಕ್ಕೆ ಸರಿಯಲ್ಲ. ಆರೂ ಇರಬಹುದು, ಒಂಬತ್ತೂ ಇರಬಹುದು. ಹತ್ತು ಎಂಬುದಕ್ಕೆ ಮಾತ್ರ ಆಧಾರ ತೆಳ್ಳಗಿದೆ.

ಚಳ್ಳಕೆರೆಯ ತಂಡದ ಲೆಕ್ಕವನ್ನೂ ಇಷ್ಟೇ ಎಚ್ಚರಿಕೆಯಿಂದ ನೋಡಬೇಕು, ಏಕೆಂದರೆ ಕೋಚ್ ವಿಷಯ ಅದರ ಮೇಲೆ ನಿಂತಿದೆ. ಅವರ ಒಟ್ಟು ಮೇಲುಗೈ 60 ಪಾಯಿಂಟ್. ಅದರಲ್ಲಿ 36 ಬಂದಿರುವುದು ಒಂದೇ ಪಂದ್ಯದಿಂದ, 58-22. ಆ ದಿನದ ಹಾಳೆಯಲ್ಲಿ ಎದುರಾಳಿ ತಂಡದ ಹೆಸರುಗಳು ಏಳೇ ಇವೆ, ಬದಲಿ ಆಟಗಾರರಿಲ್ಲ. ಒಬ್ಬ ಗಾಯಗೊಂಡು ಹೊರಗೆ ಹೋದ ಮೇಲೆ ಇಡೀ ತಂಡ ಔಟಾಗಿ ಲೋನಾ ಮೇಲೆ ಲೋನಾ ಬಿದ್ದಿದೆ. ಪ್ರತಿ ಲೋನಾಕ್ಕೂ ಎರಡು ಹೆಚ್ಚುವರಿ ಪಾಯಿಂಟ್ ಸಿಗುವುದರಿಂದ ಕಬಡ್ಡಿಯಲ್ಲಿ ಕುಸಿದ ತಂಡದ ಮೇಲೆ ಅಂತರ ಬಹಳ ಬೇಗ ಬೆಳೆಯುತ್ತದೆ, ಮತ್ತು ಆ ಬೆಳವಣಿಗೆ ಗೆದ್ದವರ ಸಾಮರ್ಥ್ಯವನ್ನು ಅದೇ ಪ್ರಮಾಣದಲ್ಲಿ ಹೇಳುವುದಿಲ್ಲ. ಆ ಒಂದು ಪಂದ್ಯವನ್ನು ಬದಿಗಿಟ್ಟರೆ ಉಳಿದ 13ರಲ್ಲಿ ಅವರದು 432 ಮತ್ತು 408. ನಿರೀಕ್ಷಿತ ಗೆಲುವು 7.4. ಬದಿಗಿಟ್ಟ ಗೆಲುವನ್ನು ಸೇರಿಸಿದರೆ 8.4. ಎರಡಕ್ಕೂ ಹೆಚ್ಚು ಎನಿಸಿದ್ದ ದುರದೃಷ್ಟ ಒಂದೂವರೆಗೂ ಕಡಿಮೆಯಾಯಿತು. ಯಾವುದೇ ತಂಡವನ್ನು ಅದೃಷ್ಟಹೀನ ಎಂದು ಕರೆಯುವ ಮೊದಲು ಅದರ ಅತಿ ದೊಡ್ಡ ಗೆಲುವನ್ನು ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ ಎಂದು ನಾನು ತಂಡಗಳ ಜೊತೆ ಕೆಲಸ ಮಾಡುವಾಗಲೆಲ್ಲ ಹೇಳುತ್ತೇನೆ. ಉತ್ತರ ಹೆಚ್ಚು ಕದಲದಿದ್ದರೆ ನಂಬಬಹುದು. ಇಲ್ಲಿ ಕದಲಿದೆ, ಆದರೂ ದಿಕ್ಕು ಬದಲಾಗಿಲ್ಲ: ಅವರು ಗೆದ್ದದ್ದಕ್ಕಿಂತ ಸ್ವಲ್ಪ ಉತ್ತಮ ತಂಡ, ಮತ್ತು ಪಾಯಿಂಟ್‌ಗಳ ಮಟ್ಟದಲ್ಲಿ ನಿಮಗೆ ಸರಿಸಮಾನ ಅಥವಾ ತುಸು ಮೇಲು.

ಈ ಆಟದ ಆಡಳಿತಗಾರರಿಗೂ ಬಿಗಿ ಸೋಲಿನ ಬೆಲೆ ಗೊತ್ತಿಲ್ಲದ್ದೇನಲ್ಲ. ಪ್ರೊ ಕಬಡ್ಡಿ ಲೀಗ್ ಹಲವು ಋತುಗಳಲ್ಲಿ ಗೆಲುವಿಗೆ 5, ಟೈಗೆ 3, ಏಳು ಅಥವಾ ಕಡಿಮೆ ಅಂತರದ ಸೋಲಿಗೆ 1 ಅಂಕ ಕೊಡುತ್ತಿತ್ತು. ಗೆಲುವಿಗೆ ಮಾತ್ರ ಅಂಕ ಕೊಡುವ ಲೀಗ್‌ಗಳಲ್ಲಿ ಪಟ್ಟಿಯ ಸ್ಥಾನ ಮತ್ತು ನಿಜವಾದ ಬಲದ ನಡುವೆ ಬಿರುಕು ಹೆಚ್ಚು ಅಗಲವಾಗಿರುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಏನನ್ನೂ ಮುಟ್ಟದೆ ಇದೇ ತಂಡವನ್ನು ಇಳಿಸಿದರೆ ಮುಂದಿನ ಸಲ ಏಳು ಎಂಟು ಗೆಲುವುಗಳಿಗೆ ಸಿದ್ಧರಾಗಿರಬೇಕು. ಈ ಸಲದ ಹೆಚ್ಚುವರಿ ಗೆಲುವುಗಳನ್ನು ಮುಂದಿನ ಸಲ ಯಾರೂ ವಾಪಸು ಕೇಳುವುದಿಲ್ಲ, ಅಂದರೆ ಸಮತೋಲನಕ್ಕಾಗಿ ಐದಕ್ಕೆ ಇಳಿಯಬೇಕು ಎಂಬ ನಿಯಮವೇನೂ ಇಲ್ಲ. ಸಾಧಾರಣ ಮಟ್ಟಕ್ಕೆ ಮರಳುವ ಸಂಭವ ಹೆಚ್ಚು, ಅಷ್ಟೇ. ಈ ದಾರಿಯ ಅಪಾಯವಿರುವುದು ಏಳು ಗೆಲುವಿನಲ್ಲಲ್ಲ. ಏಳು ಬಂದಾಗ ಅದನ್ನು ಕುಸಿತವೆಂದು ತಿಳಿದು, ಚಳ್ಳಕೆರೆಯವರು ಮಾಡಿದಂತೆ ಯಾರನ್ನಾದರೂ ಹೊಣೆ ಮಾಡಿ ಕಳಿಸುವುದರಲ್ಲಿದೆ.

ಇಡೀ ತಂಡವನ್ನು ಒಡೆದು ಹೊಸದಾಗಿ ಕಟ್ಟುವುದಕ್ಕೆ ಈ ಅಂಕಿಗಳು ಆಧಾರ ಕೊಡುವುದಿಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ಗಳಿಸಿರುವ ತಂಡವನ್ನು ಒಡೆದರೆ ಲಾಭಕ್ಕಿಂತ ನಷ್ಟದ ಸಾಧ್ಯತೆಯೇ ಹೆಚ್ಚು.

ನಾನು ಶಿಫಾರಸು ಮಾಡುವುದು ನಡುವಿನ ದಾರಿಯನ್ನು: ಗೆದ್ದ ಬಿಗಿ ಪಂದ್ಯಗಳನ್ನು ಬಿಟ್ಟು, ಸೋತ ನಾಲ್ಕು ಪಂದ್ಯಗಳ ಮೇಲೆ ಕೆಲಸ ಮಾಡಿ. ಆ ನಾಲ್ಕರಲ್ಲಿ ನೀವು ಬಿಟ್ಟುಕೊಟ್ಟದ್ದು 47 ಪಾಯಿಂಟಿನ ಅಂತರ. ಹಾಳೆಗಳ ಪ್ರಕಾರ 13 ಮತ್ತು 19ರ ಸೋಲುಗಳಲ್ಲಿ ಲೋನಾ ಬಿದ್ದ ಕೂಡಲೇ ಮರುಜೀವ ಪಡೆದ ಏಳು ಮಂದಿಯೂ ಹೊಸದಾಗಿ ನಿಂತಿರುವಾಗಲೇ ಬೇಗನೆ ಮೂವರನ್ನು ಕಳೆದುಕೊಂಡು ಎರಡನೇ ಲೋನಾದತ್ತ ಜಾರಿದ್ದೀರಿ. ಇದು ಅಂಗಣದಲ್ಲಿ ತಿದ್ದಬಹುದಾದ ದೋಷ, ಮತ್ತು ತಿದ್ದಿದರೆ ಪಂದ್ಯಕ್ಕೆ ಒಂದೆರಡು ಪಾಯಿಂಟ್ ಉಳಿಯುತ್ತದೆ. ನಿಮ್ಮ ಲೀಗ್‌ನಲ್ಲಿ ಸರಾಸರಿ ಮೇಲುಗೈ ಒಂದು ಪಾಯಿಂಟ್ ಏರಿದರೆ 14 ಪಂದ್ಯಗಳಲ್ಲಿ ಸುಮಾರು ಅರ್ಧ ಗೆಲುವು ಸೇರುತ್ತದೆ. ಎಂಟನ್ನು ಹತ್ತು ಮಾಡಬೇಕಾದರೆ ಪಂದ್ಯಕ್ಕೆ ನಾಲ್ಕು ಪಾಯಿಂಟ್ ಬೇಕು. ಹಣ ಎಲ್ಲಿ ಹಾಕಬೇಕು ಎಂದು ಕಮಿಟಿ ಕೇಳಿದಾಗ ಈ ಲೆಕ್ಕವನ್ನು ಮುಂದಿಡಿ.

ಕೋಚ್ ವಿಷಯದಲ್ಲಿ, ಏಳು ಗೆಲುವು ಎಂಬ ಒಂದೇ ಕಾರಣಕ್ಕೆ ಅವರನ್ನು ಬೇಡ ಎನ್ನಬೇಡಿ. ಹಾಗೆಯೇ 60 ಪಾಯಿಂಟಿನ ಮೇಲುಗೈಯನ್ನು ನೋಡಿ ಹೌದು ಎನ್ನಲೂ ಬೇಡಿ. ಅವರನ್ನು ಕರೆಸಿ, ಅವರ ತಂಡ ಸೋತ ಏಳು ಪಂದ್ಯಗಳಲ್ಲಿ 35ನೇ ನಿಮಿಷದ ನಂತರ ಏನಾಯಿತೆಂದು ಹಾಳೆ ಎದುರಿಗಿಟ್ಟುಕೊಂಡು ಕೇಳಿ. ಮುಂದಿದ್ದ ಪಂದ್ಯಗಳನ್ನು, ಪಾಯಿಂಟ್ ತರದಿದ್ದರೆ ರೈಡರ್ ಔಟಾಗುವ ಡು ಆರ್ ಡೈ ರೈಡ್‌ಗಳಲ್ಲಿ ಮತ್ತೆ ಮತ್ತೆ ಕೈಬಿಟ್ಟಿದ್ದರೆ, ಯಾರನ್ನು ಯಾವಾಗ ರೈಡ್‌ಗೆ ಕಳಿಸಬೇಕೆಂಬ ನಿರ್ಧಾರದಲ್ಲಿ ದೋಷವಿರಬಹುದು, ಆಗ ಅದು ದುರದೃಷ್ಟವಲ್ಲ. ಸೋಲುಗಳ ಕಾರಣ ಪ್ರತಿ ಸಲವೂ ಬೇರೆ ಬೇರೆಯಾಗಿದ್ದರೆ, ಬೇರೆಯವರು ಕಡಿಮೆ ಬೆಲೆ ಕಟ್ಟಿ ಬಿಟ್ಟುಕೊಟ್ಟ ಒಳ್ಳೆಯ ಕೋಚ್ ನಿಮಗೆ ಸಿಗುತ್ತಿದ್ದಾರೆ.

ಮುಂದಿನ ಋತುವಿನಿಂದ ಪ್ರತಿ ಪಂದ್ಯಕ್ಕೂ ಅಂತಿಮ ಸ್ಕೋರ್ ಜೊತೆಗೆ 35ನೇ ನಿಮಿಷದ ಸ್ಕೋರ್, ಎರಡೂ ಕಡೆಯ ಲೋನಾಗಳ ಸಂಖ್ಯೆ, ಎದುರಾಳಿ ಬೆಂಚಿನಲ್ಲಿದ್ದ ಬದಲಿ ಆಟಗಾರರ ಸಂಖ್ಯೆ ಇಷ್ಟನ್ನು ನಿಮ್ಮ ರೈಡರ್‌ಗೇ ಬರೆದಿಡಲು ಹೇಳಿ. ಏಳು ಪಂದ್ಯ ಮುಗಿದಾಗ ಒಮ್ಮೆ ಲೆಕ್ಕ ಹಾಕಿಸಿ. ಆಗಲೂ ಬಿಗಿ ಪಂದ್ಯಗಳನ್ನು ನೀವೇ ಗೆಲ್ಲುತ್ತಿದ್ದು, 35ನೇ ನಿಮಿಷದಲ್ಲಿ ಮುಂದಿರುತ್ತಿದ್ದರೆ ಕಮಿಟಿಯವರ ನಂಬಿಕೆಗೆ ಬಲ ಬರುತ್ತದೆ, ಮತ್ತು ಆ ಹಾಳೆಗಳನ್ನು ನನಗೂ ಕಳಿಸಿ.